'ದೇರ್ ಈಸ್' ಎನ್ನಬೇಕೋ, 'ದೇರ್ ಆರ್' ಎನ್ನಬೇಕೋ?



ವರ್ಕಾಡಿಯ ನಮ್ಮ ಮನೆಗಳಲ್ಲಿ ಒಂದೇ ದಿನದಲ್ಲಿ ನಾಲ್ಕು ಭಾಷೆ ಬಾಯಿಗೆ ಬರುತ್ತದೆ. ಮನೆಯೊಳಗೆ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಗೆ ಹೋದರೆ ಮಲಯಾಳ. ನಮ್ಮ ಧರ್ಮಪ್ರಾಂತ ಮಂಗಳೂರಿನದು, ಸರಕಾರ ತಿರುವನಂತಪುರದ್ದು. ಹೀಗಾಗಿ ಎರಡೂ ಕಡೆಗೆ ಅರ್ಥವಾಗಬೇಕಾದ ಕಾಗದ ಬರೆಯುವಾಗ ನಾವು ಇಂಗ್ಲಿಷಿನ ಮೊರೆ ಹೋಗುತ್ತೇವೆ. ವಾರ್ಡಿನ ವಾರ್ಷಿಕ ವರದಿ, ಕೆಲಸದ ಅರ್ಜಿ, ವಿದ್ಯಾರ್ಥಿವೇತನದ ಮನವಿ, ಇಂಥವು ತಿದ್ದಲು ನಮ್ಮ ಕೈಗೆ ಬರುವುದುಂಟು. ಬರೆದವರು ಬೇರೆ ಬೇರೆ, ತಪ್ಪುಗಳು ಮಾತ್ರ ಹೆಚ್ಚುಕಡಿಮೆ ಅವೇ. ಈ ಸಲ ಅವುಗಳಲ್ಲಿ ನಾಲ್ಕನ್ನು ಎತ್ತಿಕೊಳ್ಳುತ್ತೇವೆ.

ಮೊದಲು ಒಂದು ವರದಿಯನ್ನು ನೋಡೋಣ. ಇದು ಯಾವ ವಾರ್ಡಿನದೂ ಅಲ್ಲ, ಪಾಠಕ್ಕಾಗಿ ನಾವೇ ಕಟ್ಟಿದ್ದು:

'ದೇರ್ ಈಸ್ ಫಾರ್ಟಿ ಫ್ಯಾಮಿಲೀಸ್ ಇನ್ ಅವರ್ ವಾರ್ಡ್. ಈಚ್ ಆಫ್ ದ ಫ್ಯಾಮಿಲೀಸ್ ಹ್ಯಾವ್ ಗಿವನ್ ಫೈವ್ ಹಂಡ್ರೆಡ್ ರುಪೀಸ್. ನನ್ ಆಫ್ ದ ಮನಿ ವರ್ ಸ್ಪೆಂಟ್ ಆನ್ ಫುಡ್. ದ ನಂಬರ್ ಆಫ್ ಚಿಲ್ಡ್ರನ್ ಇನ್ ಕ್ಯಾಟಕಿಸಮ್ ಕ್ಲಾಸಸ್ ಹ್ಯಾವ್ ಕಮ್ ಡೌನ್.'

ನಾಲ್ಕು ವಾಕ್ಯ, ನಾಲ್ಕು ತಪ್ಪು. ಬರೆದವರಿಗೆ ಏಕವಚನ ಬಹುವಚನ ಗೊತ್ತಿಲ್ಲ ಎಂದಲ್ಲ. 'ಫ್ಯಾಮಿಲೀಸ್ ಆರ್', 'ಚಿಲ್ಡ್ರನ್ ಆರ್' ಎಂದು ಅವರು ಸರಿಯಾಗಿಯೇ ಬರೆಯುತ್ತಾರೆ. ಎಡವಿದ್ದು ಬೇರೆ ಕಡೆ. ಈ ವಾಕ್ಯಗಳಲ್ಲಿ ಕರ್ತೃಪದ ನಾವು ಹುಡುಕುವ ಜಾಗದಲ್ಲಿ ಇರುವುದಿಲ್ಲ.

ಕನ್ನಡದ ಜೋಡಣೆಯನ್ನು ಗಮನಿಸಿ. 'ತರಗತಿಗೆ ಬರುವ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ' ಎನ್ನುತ್ತೇವೆ. ಕಡಿಮೆಯಾದದ್ದು ಏನು? ಸಂಖ್ಯೆ. ಆ ಪದ ಕ್ರಿಯಾಪದದ ಪಕ್ಕದಲ್ಲೇ ಕುಳಿತಿದೆ. ಆದ್ದರಿಂದ 'ಮಕ್ಕಳ ಸಂಖ್ಯೆ ಕಡಿಮೆಯಾಗಿದ್ದಾರೆ' ಎಂದು ಯಾವ ಮಗುವೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಇದೇ ಮಾತು ತಲೆಕೆಳಗಾಗುತ್ತದೆ. 'ದ ನಂಬರ್' ಎಂಬ ಮುಖ್ಯ ಪದ ಮೊದಲು ಬರುತ್ತದೆ, 'ಆಫ್ ಚಿಲ್ಡ್ರನ್' ಎಂಬ ವಿವರ ಆಮೇಲೆ. ಕ್ರಿಯಾಪದ ಬರೆಯುವ ಹೊತ್ತಿಗೆ ಪಕ್ಕದಲ್ಲಿರುವುದು 'ಚಿಲ್ಡ್ರನ್' ಅಥವಾ 'ಕ್ಲಾಸಸ್'. ಕೈ ತಾನಾಗಿಯೇ 'ಹ್ಯಾವ್' ಬರೆದುಬಿಡುತ್ತದೆ. ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳವರೂ ಇಲ್ಲಿ ಜಾರುತ್ತಾರೆ, ನಾವೊಬ್ಬರೇ ಅಲ್ಲ.

ಇನ್ನು ಒಂದೊಂದಾಗಿ ನೋಡೋಣ. 'ದೇರ್ ಈಸ್' ವಿಷಯದಲ್ಲಿ ನಮ್ಮ ಊರಿನ ಭಾಷೆಗಳೇ ನಮ್ಮನ್ನು ದಾರಿ ತಪ್ಪಿಸುತ್ತವೆ. ಕರಾವಳಿಯ ಕನ್ನಡದಲ್ಲಿ 'ಒಂದು ಬೆಂಚು ಉಂಟು', 'ಹತ್ತು ಬೆಂಚು ಉಂಟು' ಎನ್ನುತ್ತೇವೆ. ಒಂದಾದರೂ ಹತ್ತಾದರೂ 'ಉಂಟು' ಅಲುಗುವುದಿಲ್ಲ. ಬೆಂಚಿನಂಥ ವಸ್ತುಗಳಿಗೆ ತುಳುವಿನಲ್ಲಿ 'ಉಂಡು' ಎಂದರೆ ಸಾಕು. ಮಲಯಾಳದಲ್ಲಂತೂ ವಸ್ತುವಿರಲಿ ಮನುಷ್ಯರಿರಲಿ, ಒಬ್ಬರಿರಲಿ ನೂರು ಜನರಿರಲಿ, 'ಉಂಡ್' ಎಂಬ ಒಂದೇ ಪದ ನಡೆಯುತ್ತದೆ. ಬರಹದ ಕನ್ನಡ 'ಇದೆ', 'ಇವೆ' ಎಂದು ಬೇರೆ ಮಾಡುತ್ತದೆ ನಿಜ, ಆದರೆ ಮಾತಿನಲ್ಲಿ 'ಹತ್ತು ಬೆಂಚು ಇದೆ' ಎನ್ನುವವರೇ ಹೆಚ್ಚು. ಹೀಗೆ ಬೆಳೆದ ಕಿವಿಗೆ 'ದೇರ್ ಈಸ್ ಟೆನ್ ಬೆಂಚಸ್' ತಪ್ಪಾಗಿ ಕೇಳಿಸುವುದೇ ಇಲ್ಲ.

ಇಲ್ಲಿ ಸಹಾಯಕ್ಕೆ ಬರುವುದು ಕೊಂಕಣಿ. 'ಏಕ್ ಘರ್ ಆಸಾ', 'ಧಾ ಘರಾಂ ಆಸಾತ್' ಎಂದು ಮನೆಯಲ್ಲಿ ದಿನಾ ಹೇಳುತ್ತೇವಲ್ಲ? 'ಆಸಾ' ಬರುವಲ್ಲಿ 'ದೇರ್ ಈಸ್', 'ಆಸಾತ್' ಬರುವಲ್ಲಿ 'ದೇರ್ ಆರ್'. ಬರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ಕೊಂಕಣಿಯಲ್ಲಿ ಹೇಳಿಕೊಂಡರೆ ಹೆಚ್ಚಿನ ತಪ್ಪುಗಳು ಅಲ್ಲೇ ನಿಲ್ಲುತ್ತವೆ. ಕೊಂಕಣಿ ಬಾರದವರು ಹೀಗೆ ಮಾಡಬಹುದು: 'ದೇರ್' ಎಂಬುದನ್ನು ತೆಗೆದುಹಾಕಿ, ಅದರ ಮುಂದಿರುವ ನಾಮಪದವನ್ನು ವಾಕ್ಯದ ತಲೆಗೆ ತನ್ನಿ. 'ಫಾರ್ಟಿ ಫ್ಯಾಮಿಲೀಸ್ ಆರ್ ಇನ್ ಅವರ್ ವಾರ್ಡ್' ಎಂದಾಗುತ್ತದೆ. ಹಾಗಾದರೆ 'ದೇರ್ ಆರ್ ಫಾರ್ಟಿ ಫ್ಯಾಮಿಲೀಸ್'. 'ದೇರ್' ಇಲ್ಲಿ ಸ್ಥಳ ಕಾಯುವ ಪದ ಮಾತ್ರ, ನಿಜವಾದ ಕರ್ತೃ ಅದರ ಬಲಗಡೆ ಇದೆ. 'ಹ್ಯಾಸ್ ಬೀನ್', 'ಹ್ಯಾವ್ ಬೀನ್' ಬಂದಾಗಲೂ ಇದೇ ಲೆಕ್ಕ: 'ದೇರ್ ಹ್ಯಾಸ್ ಬೀನ್ ಒನ್ ವೆಡ್ಡಿಂಗ್', 'ದೇರ್ ಹ್ಯಾವ್ ಬೀನ್ ತ್ರೀ ವೆಡ್ಡಿಂಗ್ಸ್'.

ಇದರಲ್ಲಿ ಎರಡು ಕಡೆ ಸಂಶಯ ಬರುತ್ತದೆ. ಹಣದ ಮೊತ್ತವನ್ನು ಒಂದು ಗಂಟಾಗಿ ನೋಡಿದರೆ ಏಕವಚನವೇ ಸರಿ: 'ದೇರ್ ಈಸ್ ಫೈವ್ ಥೌಸಂಡ್ ರುಪೀಸ್ ಇನ್ ದ ಬಾಕ್ಸ್'. ಐದು ಸಾವಿರ ನಾಣ್ಯಗಳನ್ನು ನಾವು ಎಣಿಸುತ್ತಿಲ್ಲ, ಒಂದು ಮೊತ್ತವನ್ನು ಹೇಳುತ್ತಿದ್ದೇವೆ. ಎರಡನೆಯದು, ಒಂದು ಮೇಜು ಮತ್ತು ಹತ್ತು ಕುರ್ಚಿ ಇದ್ದಾಗ. ಮೇಜು ಮೊದಲು ಬಂದರೆ 'ದೇರ್ ಈಸ್ ಎ ಟೇಬಲ್ ಅಂಡ್ ಟೆನ್ ಚೇರ್ಸ್' ಎಂದು ಬಹಳ ಜನ ಹೇಳುತ್ತಾರೆ, ಏಕೆಂದರೆ ಹತ್ತಿರದ ಪದ ಒಂದೇ ಮೇಜು. ಕಟ್ಟುನಿಟ್ಟಿನವರು 'ಆರ್' ಕೇಳುತ್ತಾರೆ. ನಮ್ಮ ಸಲಹೆ, ಜಗಳವೇ ಬೇಡ, ಕುರ್ಚಿಗಳನ್ನು ಮುಂದೆ ತನ್ನಿ: 'ದೇರ್ ಆರ್ ಟೆನ್ ಚೇರ್ಸ್ ಅಂಡ್ ಎ ಟೇಬಲ್'. ಇದನ್ನು ಯಾರೂ ತಿದ್ದಲಾರರು.

'ಈಚ್ ಆಫ್' ಬಂದಾಗ ನಮ್ಮ ಕನ್ನಡದ ಮರ್ಯಾದೆ ಅಡ್ಡ ಬರುತ್ತದೆ. 'ಹಿರಿಯರಲ್ಲಿ ಪ್ರತಿಯೊಬ್ಬರೂ ಬಂದಿದ್ದರು' ಎನ್ನುತ್ತೇವೆ. ಒಬ್ಬೊಬ್ಬರನ್ನೇ ಲೆಕ್ಕ ಹಿಡಿದರೂ ಗೌರವಕ್ಕಾಗಿ 'ಬಂದಿದ್ದರು' ಎಂದು ಬಹುವಚನ ಹಾಕುತ್ತೇವೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಗೌರವ ಗೊತ್ತಿಲ್ಲ. 'ಈಚ್' ಎಂದರೆ ಒಂದೊಂದೇ, ಆದ್ದರಿಂದ 'ಈಚ್ ಆಫ್ ದ ಎಲ್ಡರ್ಸ್ ವಾಸ್ ಪ್ರೆಸೆಂಟ್', 'ಈಚ್ ಆಫ್ ದ ಫ್ಯಾಮಿಲೀಸ್ ಹ್ಯಾಸ್ ಗಿವನ್'. 'ಆಫ್' ಆದ ಮೇಲೆ ಬರುವ ಪದ ಬಹುವಚನದಲ್ಲೇ ಇರಬೇಕು, 'ಈಚ್ ಆಫ್ ದ ಫ್ಯಾಮಿಲಿ' ಎಂದು ಬರೆಯಬಾರದು. ನಾಮಪದ ಬಹುವಚನ, ಕ್ರಿಯಾಪದ ಏಕವಚನ, ಎರಡೂ ಒಂದೇ ವಾಕ್ಯದಲ್ಲಿ ಇರುವುದರಿಂದಲೇ ಇದು ಮೊದಮೊದಲು ವಿಚಿತ್ರವಾಗಿ ಕಾಣುತ್ತದೆ.

ಆದರೆ 'ಈಚ್' ಜಾಗ ಬದಲಿಸಿದರೆ ಲೆಕ್ಕವೂ ಬದಲಾಗುತ್ತದೆ. 'ದ ಫ್ಯಾಮಿಲೀಸ್ ಈಚ್ ಹ್ಯಾವ್ ಗಿವನ್ ಫೈವ್ ಹಂಡ್ರೆಡ್ ರುಪೀಸ್' ಎಂಬಲ್ಲಿ 'ಹ್ಯಾವ್' ಸರಿ. ಇಲ್ಲಿ ಕರ್ತೃ 'ಫ್ಯಾಮಿಲೀಸ್'. 'ಈಚ್' ಹಿಂದೆ ಬಂದ ಒಂದು ಸೇರ್ಪಡೆ ಮಾತ್ರ.

'ನನ್ ಆಫ್' ಇವುಗಳಲ್ಲಿ ಸ್ವಲ್ಪ ತುಂಟ. (ಕಾನ್ವೆಂಟಿನ ಸಿಸ್ಟರಿಗೆ ಹೇಳುವ 'ನನ್' ಮತ್ತು ಈ 'ನನ್' ಉಚ್ಚಾರದಲ್ಲಿ ಒಂದೇ, ಅಕ್ಷರಗಳು ಬೇರೆ. ಕಾಗುಣಿತ ತಪ್ಪಿ 'ಹಣದ ಸಿಸ್ಟರ್' ಆದರೆ ನಾವು ಹೊಣೆಯಲ್ಲ.) ಕನ್ನಡದಲ್ಲಿ 'ಒಬ್ಬನೂ ಬರಲಿಲ್ಲ', 'ಯಾರೂ ಬರಲಿಲ್ಲ' ಎನ್ನುವಾಗ 'ಬರಲಿಲ್ಲ' ಬದಲಾಗುವುದಿಲ್ಲ, ಆದ್ದರಿಂದ ವಚನದ ಪ್ರಶ್ನೆಯೇ ನಮಗೆ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಏಳುತ್ತದೆ. ಮೊದಲು 'ಆಫ್' ಆದ ಮೇಲೆ ಏನಿದೆ ನೋಡಿ. ಎಣಿಸಲಾಗದ ವಸ್ತು, ಅಂದರೆ ಹಣ, ಅಕ್ಕಿ, ನೀರು, ಕೆಲಸ ಇಂಥದ್ದಾದರೆ ಏಕವಚನ ಒಂದೇ ದಾರಿ: 'ನನ್ ಆಫ್ ದ ಮನಿ ವಾಸ್ ಸ್ಪೆಂಟ್'. ನಮ್ಮ ವರದಿಯ 'ವರ್' ಯಾವ ಪುಸ್ತಕದ ಪ್ರಕಾರವೂ ನಿಲ್ಲುವುದಿಲ್ಲ.

ಎಣಿಸಬಹುದಾದವರು ಇದ್ದರೆ 'ನನ್ ಆಫ್ ದ ಎಲ್ಡರ್ಸ್ ವಾಸ್', 'ನನ್ ಆಫ್ ದ ಎಲ್ಡರ್ಸ್ ವರ್', ಎರಡೂ ಸರಿ. ನಮ್ಮಲ್ಲಿ ಹಲವರಿಗೆ ಶಾಲೆಯಲ್ಲಿ ಏಕವಚನ ಮಾತ್ರ ಸರಿ ಎಂದು ಕಲಿಸಿದ್ದಾರೆ. ಅದಕ್ಕೆ ಕಾರಣವೂ ಇದೆ: ಈ ಪದ ಹಳೆಯ ಇಂಗ್ಲಿಷಿನಲ್ಲಿ 'ಅಲ್ಲ' ಮತ್ತು 'ಒಂದು' ಎಂಬ ಎರಡು ಪದಗಳು ಕೂಡಿ ಆದದ್ದು, ಅಂದರೆ 'ಒಂದೂ ಅಲ್ಲ'. ಆದರೆ ಪದ ಹುಟ್ಟಿದ ಬಗೆ ಬೇರೆ, ಬಳಕೆ ಬೇರೆ. 1926ರಲ್ಲಿ ಪ್ರಕಟವಾದ ಫೌಲರ್ ಅವರ ಇಂಗ್ಲಿಷ್ ಬಳಕೆಯ ನಿಘಂಟು ಕೂಡ ಏಕವಚನವೇ ಆಗಬೇಕೆಂಬ ಹಟ ತಪ್ಪು ಎಂದು ಹೇಳಿದೆ. ಇಂದು ಬರೆಯುವವರು ಬಹುವಚನವನ್ನು ಧಾರಾಳವಾಗಿ ಬಳಸುತ್ತಾರೆ. ಹಾಗಿದ್ದರೂ ಪರೀಕ್ಷೆಯ ಉತ್ತರದಲ್ಲಿ ನಮ್ಮ ಮಕ್ಕಳು ಏಕವಚನವನ್ನೇ ಆರಿಸಲಿ ಎನ್ನುತ್ತೇವೆ. ಏಕವಚನವನ್ನು ತಪ್ಪು ಎನ್ನುವ ಪರೀಕ್ಷಕರು ಇಲ್ಲ, ಬಹುವಚನವನ್ನು ತಪ್ಪು ಎನ್ನುವವರು ಇನ್ನೂ ಇದ್ದಾರೆ. ಇಬ್ಬರೇ ಇದ್ದಾಗ 'ನನ್ ಆಫ್' ಬೇಡ, 'ನೈದರ್ ಆಫ್' ಬೇಕು.

ಕೊನೆಯದು 'ದ ನಂಬರ್ ಆಫ್'. ಇದರ ಕಾರಣವನ್ನು ಮೇಲೆಯೇ ಹೇಳಿದ್ದೇವೆ: ಕರ್ತೃ 'ನಂಬರ್', ಆದ್ದರಿಂದ 'ದ ನಂಬರ್ ಆಫ್ ಚಿಲ್ಡ್ರನ್ ಹ್ಯಾಸ್ ಕಮ್ ಡೌನ್'. ಆದರೆ 'ದ' ಹೋಗಿ 'ಎ' ಬಂದರೆ ಅರ್ಥವೇ ಬೇರೆ. 'ಎ ನಂಬರ್ ಆಫ್' ಎಂದರೆ ಸಂಖ್ಯೆ ಅಲ್ಲ, 'ಹಲವು'. 'ಎ ನಂಬರ್ ಆಫ್ ಚಿಲ್ಡ್ರನ್ ಆರ್ ಸಿಕ್' ಎಂದರೆ ಹಲವು ಮಕ್ಕಳಿಗೆ ಸೌಖ್ಯವಿಲ್ಲ. ಇಲ್ಲಿ ಬಹುವಚನ ಬೇಕು, 'ದೇರ್' ಜೊತೆಗೂ ಹಾಗೆಯೇ: 'ದೇರ್ ಆರ್ ಎ ನಂಬರ್ ಆಫ್ ಚಿಲ್ಡ್ರನ್'. ಸಂಶಯವಾದರೆ ಕನ್ನಡಕ್ಕೆ ತಿರುಗಿಸಿ ನೋಡಿ. 'ಸಂಖ್ಯೆ' ಹೊಂದಿದರೆ ಏಕವಚನ, 'ಹಲವು' ಹೊಂದಿದರೆ ಬಹುವಚನ.

ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದುವವರು ಈ ವಾಕ್ಯವನ್ನು ಬಿಡಿಸಿ ನೋಡಲಿ: 'ದ ನಂಬರ್ ಆಫ್ ಫ್ಯಾಮಿಲೀಸ್ ಹೂ ಹ್ಯಾವ್ ಗಾನ್ ಟು ದ ಗಲ್ಫ್ ಹ್ಯಾಸ್ ಇನ್‌ಕ್ರೀಸ್ಡ್'. ಒಂದೇ ವಾಕ್ಯದಲ್ಲಿ 'ಹ್ಯಾವ್' ಕೂಡ ಇದೆ, 'ಹ್ಯಾಸ್' ಕೂಡ ಇದೆ. ಗಲ್ಫಿಗೆ ಹೋದದ್ದು ಯಾರು? ಕುಟುಂಬಗಳು, ಆದ್ದರಿಂದ 'ಹ್ಯಾವ್'. ಹೆಚ್ಚಾದದ್ದು ಏನು? ಸಂಖ್ಯೆ, ಆದ್ದರಿಂದ 'ಹ್ಯಾಸ್'. ಪ್ರತಿ ಕ್ರಿಯಾಪದಕ್ಕೂ ಹೀಗೆ ಬೇರೆ ಬೇರೆಯಾಗಿ 'ಯಾರು, ಏನು' ಎಂದು ಕೇಳಬೇಕು. ಒಂದು ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುವ ಪರೀಕ್ಷೆಯಲ್ಲಿ ಕಿವಿಯನ್ನು ನಂಬಿ ಗುರುತು ಹಾಕುವುದು ದುಬಾರಿ.

ತಿದ್ದುವಾಗ ನಾವು ಬಳಸುವ ಉಪಾಯ ಸರಳ. 'ಆಫ್' ಎಂಬಲ್ಲಿಂದ ಕ್ರಿಯಾಪದದವರೆಗಿನ ಪದಗಳನ್ನು ಬೆರಳಿನಿಂದ ಮುಚ್ಚುತ್ತೇವೆ. 'ಈಚ್ ... ಹ್ಯಾಸ್', 'ದ ನಂಬರ್ ... ಹ್ಯಾಸ್' ಎಂದು ಉಳಿಯುತ್ತದೆ, ತಪ್ಪಿದ್ದರೆ ಕೂಡಲೇ ಕಾಣುತ್ತದೆ. ಆದರೆ 'ನನ್ ಆಫ್', 'ಎ ನಂಬರ್ ಆಫ್', 'ಎ ಲಾಟ್ ಆಫ್' ಇವುಗಳಿಗೆ ಈ ಬೆರಳು ಕೆಲಸ ಮಾಡದು. ಅಲ್ಲಿ ಮುಚ್ಚಿದ ಪದವನ್ನೇ ನೋಡಬೇಕು: 'ಎ ಲಾಟ್ ಆಫ್ ರೈಸ್ ಈಸ್', 'ಎ ಲಾಟ್ ಆಫ್ ಪೀಪಲ್ ಆರ್'.

ಈಗ ಆ ವರದಿಯನ್ನು ಮತ್ತೆ ಓದಿ:

'ದೇರ್ ಆರ್ ಫಾರ್ಟಿ ಫ್ಯಾಮಿಲೀಸ್ ಇನ್ ಅವರ್ ವಾರ್ಡ್. ಈಚ್ ಆಫ್ ದ ಫ್ಯಾಮಿಲೀಸ್ ಹ್ಯಾಸ್ ಗಿವನ್ ಫೈವ್ ಹಂಡ್ರೆಡ್ ರುಪೀಸ್. ನನ್ ಆಫ್ ದ ಮನಿ ವಾಸ್ ಸ್ಪೆಂಟ್ ಆನ್ ಫುಡ್. ದ ನಂಬರ್ ಆಫ್ ಚಿಲ್ಡ್ರನ್ ಇನ್ ಕ್ಯಾಟಕಿಸಮ್ ಕ್ಲಾಸಸ್ ಹ್ಯಾಸ್ ಕಮ್ ಡೌನ್.'

ಒಂದು ಮಾತು ಉಳಿದಿದೆ. ಟಿ.ವಿ.ಯಲ್ಲಿ 'ದೇರ್ಸ್ ಟೂ ಮೆನ್ ಔಟ್‌ಸೈಡ್' ಎಂಬಂಥ ಮಾತು ಕೇಳಿ, ಪಾಠವೇ ತಪ್ಪೇ ಎಂದು ಮಕ್ಕಳು ಕೇಳಬಹುದು. ಆಡುಮಾತಿನಲ್ಲಿ ಈ ಚುಟುಕು 'ದೇರ್ಸ್' ಬಹುವಚನಕ್ಕೂ ನಡೆಯುತ್ತದೆ, ನಮ್ಮ 'ಉಂಟು' ನಡೆದಂತೆ. ಕಾಗದದ ಮೇಲೆ ಮಾತ್ರ ಅದನ್ನು ಇಳಿಸಬೇಡಿ.