ಅಡಿಕೆ ಮಾರಿ ಕೊಡುವ ಸಾಲ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಸಾಲದ ಮಾತು ಅಡಿಕೆಯ ಮಾತಿನೊಂದಿಗೇ ಬರುತ್ತದೆ. ತೋಟವಿದ್ದವರು, ಚೇಣಿ ಹಿಡಿದವರು, ಸುಲಿಯುವ ಕೂಲಿಯವರು, ಅವರನ್ನೇ ನಂಬಿದ ಅಂಗಡಿಯವರು, ಎಲ್ಲರ ಕೈಗೂ ಹಣ ಬರುವುದು ಕೊಯ್ಲಿನ ನಂತರ. ಮಳೆಗಾಲದಲ್ಲಿ ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರಾದರೆ ಮನುಷ್ಯ ಬ್ಯಾಂಕಿಗಿಂತ ಮೊದಲು ಹೆಂಡತಿಯ ಅಣ್ಣನ ಬಳಿಗೆ ಹೋಗುತ್ತಾನೆ. “ಅಡಿಕೆ ಮಾರಿ ಕೊಡುತ್ತೇನೆ ಭಾವಾ” ಎನ್ನುತ್ತಾನೆ. ಭಾವ ಕೊಡುತ್ತಾರೆ. ಕಾಗದವಿಲ್ಲ, ಸಾಕ್ಷಿಯಿಲ್ಲ, ದಿನಾಂಕವೂ ಇಲ್ಲ. ಬಡ್ಡಿಯಿಲ್ಲದ ಇಂಥ ಸಾಲಕ್ಕೆ ಇಸ್ಲಾಮಿನಲ್ಲಿ ದೊಡ್ಡ ಪುಣ್ಯವಿದೆ. ಆದರೆ ನೆಂಟರ ನಡುವಿನ ಮನಸ್ತಾಪಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇಲ್ಲಿಯೇ.

“ಅಡಿಕೆ ಮಾರಿ” ಎಂದರೆ ಯಾವಾಗ? ಕೊಯ್ಲು ನವೆಂಬರಿನ ಸುಮಾರಿಗೆ ಆರಂಭವಾಗಿ ಫೆಬ್ರವರಿಯ ತನಕ ನಡೆಯುತ್ತದೆ. ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಬೇಗ ಮಂಡಿಗೆ ಹೋಗುತ್ತದೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಸುಲಿದು ಚಾಲಿ ಮಾಡುವವರಿಗೆ ತಿಂಗಳುಗಳೇ ಹೆಚ್ಚು ಬೇಕು. ಒಣಗಿದ ಮೇಲೂ ಬೆಲೆ ಏರಲಿ ಎಂದು ಚೀಲ ಕಟ್ಟಿಡುವವರಿದ್ದಾರೆ. ಕೊಟ್ಟವರ ಮನಸ್ಸಿನಲ್ಲಿ ಜನವರಿ, ಪಡೆದವರ ಮನಸ್ಸಿನಲ್ಲಿ ಮುಂದಿನ ಮಳೆಗಾಲ. ಇಬ್ಬರೂ ಸುಳ್ಳು ಹೇಳಿಲ್ಲ, ಆದರೂ ಏಪ್ರಿಲ್ ಹೊತ್ತಿಗೆ ಮಾತು ಬಿಟ್ಟಿರುತ್ತಾರೆ.

ಸೂರಃ ಅಲ್ ಬಕರಃದ 282ನೇ ಸೂಕ್ತವು ನಿಗದಿತ ಅವಧಿಯ ಸಾಲವನ್ನು ಬರೆದಿಡಲು ಆದೇಶಿಸುತ್ತದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಿದು ಎಂಬುದನ್ನು ಓದುಗರು ಗಮನಿಸಬೇಕು. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಅವಧಿಯೊಂದಿಗೆ ಬರೆಯಲು ಬೇಸರಿಸಬಾರದೆಂದು ಅದು ತಿಳಿಸುತ್ತದೆ. ಬರೆಸಬೇಕಾದವನು ಯಾರು ಎಂಬುದು ಇನ್ನೂ ಸೂಕ್ಷ್ಮ. ಹೊಣೆ ಯಾರ ಮೇಲಿದೆಯೋ ಅವನು, ಅಂದರೆ ಸಾಲ ಪಡೆದವನೇ ಹೇಳಿ ಬರೆಸಬೇಕು. ನಮ್ಮಲ್ಲಿ ಇದು ತಲೆಕೆಳಗಾಗಿದೆ. ಭಾವ ಕಾಗದ ಕೇಳಿದರೆ “ನನ್ನ ಮೇಲೆ ನಂಬಿಕೆಯಿಲ್ಲವೇ?” ಎಂಬ ಕೋಪ. ಸಾಲಗಾರನೇ ಕಾಗದ ಬರೆದು ತಂದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಕೊಯ್ಲಿನಂಥ ಹಿಂದುಮುಂದಾಗುವ ಕಾಲವನ್ನು ಗಡುವಾಗಿ ಇಡಬಹುದೇ ಎಂಬ ಚರ್ಚೆ ಫಿಕ್ಹ್‌ನಲ್ಲಿ ಹಳೆಯದು. ಇಮಾಮ್ ಮಾಲಿಕ್‌ರು ಒಪ್ಪಿದ್ದಾರೆ, ಹನಫಿ ಮತ್ತು ಶಾಫಿಈ ವಿದ್ವಾಂಸರು ಒಪ್ಪಿಲ್ಲ. ನಮ್ಮೂರುಗಳಲ್ಲಿರುವವರು ಬಹುಪಾಲು ಈ ಎರಡು ಮದ್‌ಹಬ್‌ಗಳವರೇ. ಆದ್ದರಿಂದ “ಅಡಿಕೆ ಮಾರಿ” ಎನ್ನುವ ಬದಲು “ಮಾರ್ಚ್ 31ರೊಳಗೆ” ಎಂದು ಬರೆದರೆ ತಕರಾರಿಗೆ ಎಡೆಯಿಲ್ಲ.

ಈಗ ಒಂದು ಚೂಪಾದ ಪ್ರಶ್ನೆ. ಗಡುವು ಬಂದಿದೆ, ಮನೆಯಲ್ಲಿ ಒಣಗಿದ ಅಡಿಕೆ ನಾಲ್ಕು ಕ್ವಿಂಟಾಲ್ ಇದೆ, ಬೆಲೆ ಮಾತ್ರ ಮನಸ್ಸಿಗೆ ಬಂದಷ್ಟಿಲ್ಲ. ಸಾಲಗಾರ ಕಾಯಬಹುದೇ? ತೀರಿಸಲು ಶಕ್ತನಾದವನು ಮುಂದೂಡುವುದನ್ನು ಪ್ರವಾದಿ(ಸ)ರವರು ಅನ್ಯಾಯವೆಂದು ಕರೆದಿದ್ದಾರೆ. ಈ ಹದೀಸನ್ನು ಕೇಳುವಾಗ ನಮ್ಮ ಕಣ್ಣ ಮುಂದೆ ಕಾರಿನಲ್ಲಿ ಓಡಾಡುವ ಸಿರಿವಂತ ಬರುತ್ತಾನೆ. ಆದರೆ ಅಟ್ಟದ ಮೇಲೆ ಚೀಲಗಳಿರುವವನೂ ಶಕ್ತನೇ. ಬೆಲೆ ಏರಿದರೆ ಲಾಭ ಅವನಿಗೆ, ಕಾಯುವ ಕಷ್ಟ ಭಾವನಿಗೆ. ಭಾವನೇ ಒಪ್ಪಿ ಸಮಯ ಕೊಟ್ಟರೆ ಮಾತು ಬೇರೆ. ಕೇಳದೆ ಕಾಯಿಸುವ ಹಕ್ಕು ಸಾಲಗಾರನಿಗಿಲ್ಲ.

ಕೊಳೆರೋಗ ಬಂದು ಮಳೆಗಾಲದಲ್ಲೇ ಕಾಯಿ ಉದುರಿಹೋದವನ ಸಂಗತಿ ಹಾಗಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತೋಟಗಳನ್ನೇ ಸೊರಗಿಸಿದೆ. ಅಂಥವನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಮನ್ನಾ ಮಾಡಿದರೆ ಇನ್ನೂ ಉತ್ತಮ ಎಂಬುದು ಅದೇ ಅಧ್ಯಾಯದ 280ನೇ ಸೂಕ್ತದ ಆದೇಶ. ಸಾಲಕ್ಕೆ ಸಿಕ್ಕಿಬಿದ್ದವನು ಝಕಾತ್‌ಗೂ ಅರ್ಹ. ಸಾಲಗಾರ ಮಾಡಬೇಕಾದದ್ದು ಒಂದೇ: ಗಡುವಿಗೆ ಮೊದಲೇ ತಾನಾಗಿ ಹೋಗಿ ಸ್ಥಿತಿಯನ್ನು ಹೇಳುವುದು. ಸಂತೆಯ ದಿನ ಭಾವನನ್ನು ಕಂಡು ದಾರಿ ಬದಲಿಸುವವನ ಕಷ್ಟ ನಿಜವೇ ಇದ್ದರೂ ಅದನ್ನು ನಂಬುವವರು ಯಾರು?

ನಮ್ಮ ಕಾಯಿದೆಯಲ್ಲಿ ಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ವಾಯಿದೆಯಿದೆ. ಅದರೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ರುಜು ಮಾಡಿಕೊಟ್ಟರೆ ಆ ದಿನದಿಂದ ಹೊಸ ವಾಯಿದೆ ಶುರುವಾಗುತ್ತದೆ. “ವಾಯಿದೆ ಮುಗಿಯಿತು, ಇನ್ನೇನು ಮಾಡುತ್ತಾರೆ?” ಎನ್ನುವವರಿದ್ದಾರೆ. ಮುಗಿದದ್ದು ಕೋರ್ಟಿಗೆ ಹೋಗುವ ದಾರಿ, ಸಾಲವಲ್ಲ. ಸಾವು ಕೂಡ ಅದನ್ನು ಮುಗಿಸುವುದಿಲ್ಲ.

ಸಾಲ ಉಳಿಸಿ ಮೃತನಾದ ಒಬ್ಬರ ಜನಾಝಾ ಬಂದಾಗ ಪ್ರವಾದಿ(ಸ)ರವರು ತಾವು ನಮಾಝ್ ನಿರ್ವಹಿಸದೆ ಸಂಗಾತಿಗಳಿಗೆ ನಿರ್ವಹಿಸಲು ಹೇಳಿದರು. ಅಬೂ ಕತಾದಾ(ರ) ಆ ಸಾಲವನ್ನು ತಮ್ಮ ಮೇಲೆ ವಹಿಸಿಕೊಂಡ ಬಳಿಕವೇ ಮುಂದೆ ಬಂದರು. ನಂತರ ವಿಜಯಗಳಿಂದ ಸಂಪತ್ತು ಬಂದಾಗ ಅಂಥವರ ಸಾಲವನ್ನು ತಾವೇ ತೀರಿಸುವುದಾಗಿ ಸಾರಿದರು.

ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯಿಂದ ನೋಡೋಣ. ಹೊಸನಗರದ ಒಬ್ಬ ಅಂಗಡಿಯವರು ತೀರಿಕೊಂಡರು ಎಂದಿಟ್ಟುಕೊಳ್ಳಿ. ತಂದೆ-ತಾಯಿ ಮೊದಲೇ ಇಲ್ಲ. ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಬಿಟ್ಟುಹೋದದ್ದು 4,80,000 ರೂಪಾಯಿ. ದಫನಿನ ಖರ್ಚು 10,000. ತೀರ್ಥಹಳ್ಳಿಯ ಭಾವನಿಂದ ಪಡೆದದ್ದು 1,50,000. ಸಾಗರದ ಸಗಟು ವ್ಯಾಪಾರಿಗೆ ಸರಕಿನ ಬಾಕಿ 90,000. ಮಕ್ಕಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಿಕಾಹ್‌ನಲ್ಲಿ ಒಪ್ಪಿ ಕೊಡದೆ ಉಳಿಸಿದ 50,000 ರೂಪಾಯಿ ಮಹ್ರ್ ಇದೆ. ಅದೂ ಸಾಲವೇ. ಪತ್ನಿ ಮೊದಲು ಸಾಲ ಕೊಟ್ಟವಳು, ಆಮೇಲೆ ವಾರೀಸುದಾರಳು. ಇವೆಲ್ಲ ಕಳೆದು ಉಳಿಯುವುದು 1,80,000. ವಸಿಯ್ಯತ್ ಇದ್ದಿದ್ದರೆ ಈ ಮೊತ್ತದ ಮೂರರಲ್ಲೊಂದರ ಮಿತಿಯಲ್ಲಿ ಅದು ನಡೆಯುತ್ತಿತ್ತು. ಇಲ್ಲಿ ಇಲ್ಲ. ಪತ್ನಿಗೆ ಎಂಟನೆಯ ಒಂದು ಪಾಲು, 22,500. ಮಿಕ್ಕ 1,57,500ರಲ್ಲಿ ಮಗನಿಗೆ 78,750, ಹೆಣ್ಣುಮಕ್ಕಳಿಗೆ ತಲಾ 39,375. ಸಾಲ ತೀರಿಸದೆ 4,80,000ವನ್ನೇ ಹಂಚಿಕೊಂಡರೆ ಅವರು ಹಂಚಿಕೊಂಡದ್ದು ತಂದೆಯ ಆಸ್ತಿಯನ್ನಲ್ಲ, ಭಾವನ ಮತ್ತು ತಾಯಿಯ ಹಣವನ್ನು.

ಝುಬೈರ್ ಬಿನ್ ಅವ್ವಾಮ್(ರ) ಅವರ ಮೇಲೆ 22 ಲಕ್ಷದ ಸಾಲವಿತ್ತು. ಜನರು ತಂದಿಟ್ಟ ಅಮಾನತನ್ನು, ಕಳೆದುಹೋದರೆ ಅವರಿಗೆ ನಷ್ಟವಾಗಬಾರದೆಂದು, ಸಾಲವೆಂದೇ ಬರೆದುಕೊಳ್ಳುತ್ತಿದ್ದರು. ಅವರ ನಂತರ ಮಗ ಅಬ್ದುಲ್ಲಾಹ್(ರ) ಭೂಮಿಯನ್ನು ಮಾರಿ ಸಾಲ ತೀರಿಸಿದರು. ಸಹೋದರರು ಪಾಲು ಕೇಳಿದಾಗ ಒಪ್ಪಲಿಲ್ಲ. ತಂದೆಯಿಂದ ಬರಬೇಕಾದದ್ದು ಯಾರಿಗಾದರೂ ಇದ್ದರೆ ಬರಲಿ ಎಂದು ನಾಲ್ಕು ವರ್ಷ ಹಜ್ಜ್‌ನ ಕಾಲದಲ್ಲಿ ಸಾರಿಸಿದ ಮೇಲೆಯೇ ಆಸ್ತಿಯನ್ನು ಹಂಚಿದರು.

ನಮ್ಮಲ್ಲಿಯೂ ಜನಾಝಾದ ಹೊತ್ತಿಗೆ “ಬಾಕಿಯಿದ್ದರೆ ಮನೆಯವರನ್ನು ಕಾಣಿರಿ” ಎಂದು ಹೇಳುವ ರೂಢಿಯಿದೆ, ಒಳ್ಳೆಯದು. ಕೆಲವೆಡೆ ಅದರ ಬೆನ್ನಿಗೇ “ಮಾಫ್ ಮಾಡಿಬಿಡಿ” ಎಂದೂ ಸೇರಿಸುತ್ತಾರೆ. ಮಯ್ಯಿತ್ ಎದುರಿಗಿರುವಾಗ ಜನರ ನಡುವೆ ಭಾವ ಏನು ಹೇಳಿಯಾರು? ಸುಮ್ಮನೆ ನಿಂತರೆಂದ ಮಾತ್ರಕ್ಕೆ ಮನ್ನಾ ಆಗುವುದಿಲ್ಲ. ಮಗ ನಾಲ್ಕು ದಿನ ಬಿಟ್ಟು ತೀರ್ಥಹಳ್ಳಿಗೆ ಹೋಗಿ, ಬಾಕಿಯ ಪೂರ್ತಿ ಮೊತ್ತವನ್ನೂ ತಂದೆ ಬಿಟ್ಟುಹೋದದ್ದನ್ನೂ ಮಾವನ ಮುಂದಿಟ್ಟು, ಕೊಡಲು ಸಿದ್ಧನಾಗಿಯೇ ಕೇಳಬೇಕು. ಆಗ ಅವರು ಬಿಟ್ಟರೆ ಅದು ಬಿಟ್ಟದ್ದು.