ವರದಿಯ ಶಿರೋನಾಮೆ ಮತ್ತು ಮೊದಲ ವಾಕ್ಯ

ಸೈದಾಪುರದ ವಿದ್ಯಾರ್ಥಿಯೊಬ್ಬನು 1993ರ ಭೂಕಂಪವನ್ನು ಕುರಿತು ವರದಿ ಬರೆಯಬೇಕಾಗಿದೆಯೆಂದು ಭಾವಿಸೋಣ. ಅವನು "ಭೂಕಂಪ: ಒಂದು ಅಧ್ಯಯನ" ಎಂದು ಶಿರೋನಾಮೆಯನ್ನಿಟ್ಟು, "ಪ್ರಕೃತಿಯ ಶಕ್ತಿಯ ಮುಂದೆ ಮಾನವನು ತೃಣಮಾತ್ರ" ಎಂದು ಆರಂಭಿಸುತ್ತಾನೆ. ವಾಕ್ಯವೇನೋ ಇಂಪಾಗಿದೆ, ಆದರೆ ಅದನ್ನು ಯಾವ ಭೂಕಂಪದ ವರದಿಗಾದರೂ ಸೇರಿಸಬಹುದು, ಪ್ರವಾಹದ ವರದಿಗೂ ಸೇರಿಸಬಹುದು. ಬೇರೊಂದು ವರದಿಗೂ ಹೊಂದುವ ವಾಕ್ಯವು ಈ ವರದಿಗೆ ಮೊದಲ ವಾಕ್ಯವಾಗಲಾರದು. ಏನು ನಡೆಯಿತು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರಬೇಕು.

ಇವುಗಳಲ್ಲಿ ಸುಲಭವೆಂದು ತೋರುವ "ಯಾವಾಗ" ಎಂಬುದೇ ಹೆಚ್ಚು ಮೋಸಗೊಳಿಸುವಂಥದು. ಆ ಕಂಪನವು ಭಾರತೀಯ ಕಾಲಮಾನದಂತೆ ಸೆಪ್ಟೆಂಬರ್ 30, ಗುರುವಾರ, ಬೆಳಗಿನ ಜಾವ 3 ಗಂಟೆ 55 ನಿಮಿಷಕ್ಕೆ ಆಯಿತು. ಊರಿನ ಹಿರಿಯರು ಅದನ್ನು "ಬುಧವಾರ ರಾತ್ರಿ" ಎನ್ನಬಹುದು. ಏಕೆಂದರೆ ನಮ್ಮಲ್ಲಿ ಸೂರ್ಯೋದಯದವರೆಗೂ ಹಿಂದಿನ ದಿನದ ಲೆಕ್ಕವೇ. ಅಂತರರಾಷ್ಟ್ರೀಯ ಪಟ್ಟಿಗಳಲ್ಲಿಯೋ ಅದು ಸೆಪ್ಟೆಂಬರ್ 29ರ 22 ಗಂಟೆ 25 ನಿಮಿಷವೆಂದಿದೆ. ನಮ್ಮ ಕಾಲಮಾನವು ವಿಶ್ವ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಅದನ್ನು ಕೂಡಿಸಿದರೆ ಸಮಯವೂ ತಾರೀಖೂ ಸರಿಹೊಂದುತ್ತವೆ. ಆದ್ದರಿಂದ ವೇಳೆಯೊಡನೆ ಕಾಲಮಾನದ ಹೆಸರನ್ನೂ ಬರೆಯಬೇಕು. "ಕಳೆದ ವರ್ಷ", "ಮೊನ್ನೆ" ಎಂಬ ಮಾತುಗಳು ವರದಿಗೆ ಸಲ್ಲವು. ಓದುಗನು ಅದನ್ನು ಎಂದು ಓದುವನೋ ನಾವು ಅರಿಯೆವು.

"ಎಲ್ಲಿ" ಎಂಬುದಕ್ಕೆ ಉತ್ತರ ಹೇಳುವ ಮುನ್ನ "ಏನು" ಎಂಬುದನ್ನು ನಿಶ್ಚಯಿಸಬೇಕು. ಭೂಕಂಪದ ಪರಿಮಾಣವು ಇಡೀ ಘಟನೆಗೆ ಒಂದೇ ಸಂಖ್ಯೆ. ಅದು ಸುಮಾರು 6.2. ಕಂಪನದ ತೀವ್ರತೆಯಾದರೋ ಊರಿಂದೂರಿಗೆ ಬೇರೆ. ಭೂಕಂಪವನ್ನೇ ಕುರಿತ ವರದಿಯಾದರೆ ಸ್ಥಳವು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ. ಸೈದಾಪುರದ ಹಿರಿಯರ ನೆನಪುಗಳನ್ನು ಸಂಗ್ರಹಿಸಿದ ವರದಿಯಾದರೆ ಸ್ಥಳವು ಸೈದಾಪುರ. "ಸೈದಾಪುರದಲ್ಲಿ 6.2ರ ಭೂಕಂಪ" ಎಂದು ಬರೆದರೆ ಎರಡೂ ಬೆರೆತು ತಪ್ಪಾಗುವುದು. ಜಿಲ್ಲೆಯ ಹೆಸರನ್ನೂ ಗಮನಿಸಬೇಕು: ಯಾದಗಿರಿ ಜಿಲ್ಲೆಯು ರಚಿತವಾದದ್ದು 2009ರ ಕೊನೆಯಲ್ಲಿ, 1993ರಲ್ಲಿ ಈ ಊರು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು.

ಈಗ ವರದಿಯನ್ನು ತಿದ್ದೋಣ. ಶಿರೋನಾಮೆ: "ಕಿಲ್ಲಾರಿ ಭೂಕಂಪ, 30 ಸೆಪ್ಟೆಂಬರ್ 1993". ಮೊದಲ ವಾಕ್ಯ: "1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 55 ನಿಮಿಷಕ್ಕೆ (ಭಾರತೀಯ ಕಾಲಮಾನ) ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸಮೀಪದಲ್ಲಿ ಸುಮಾರು 6.2 ಪರಿಮಾಣದ ಭೂಕಂಪವು ಸಂಭವಿಸಿತು."

ಸಾವುನೋವಿನ ಸಂಖ್ಯೆಯನ್ನು ಇಲ್ಲಿ ತುರುಕಬಾರದು. ಅದು ಮೂಲದಿಂದ ಮೂಲಕ್ಕೆ ಬದಲಾಗುತ್ತದೆ. ಯಾರು ಕೊಟ್ಟ ಲೆಕ್ಕವೆಂಬುದರೊಡನೆ ಅದನ್ನು ಎರಡನೆಯ ವಾಕ್ಯದಲ್ಲಿ ಹೇಳುವುದು ಉಚಿತ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿರಿ. ಉಳಿದ ಪುಟಗಳನ್ನು ಮುಚ್ಚಿ, ಶಿರೋನಾಮೆಯನ್ನೂ ಮೊದಲ ವಾಕ್ಯವನ್ನೂ ಮಾತ್ರ ಗೆಳೆಯನಿಗೆ ತೋರಿಸಿ, ಆ ಘಟನೆಯನ್ನು ಭೂಕಂಪಗಳ ಪಟ್ಟಿಯಲ್ಲಿ ಹುಡುಕಲು ಹೇಳಿರಿ. ಅವನು ನಿಮ್ಮನ್ನು ಏನನ್ನೂ ಕೇಳದೆ ಹುಡುಕಿದನಾದರೆ ಆರಂಭವು ಸರಿಯಾಗಿದೆ. ಕೇಳಿದನಾದರೆ, ಅವನು ಕೇಳಿದ್ದೇ ನೀವು ಬಿಟ್ಟ ಅಂಶ.