ಪ್ರವಾಸದ ಬಸ್ಸು: ತಲಾ ಎಷ್ಟು?

ಶಾಲಾ ಪ್ರವಾಸದ ಲೆಕ್ಕ ಪ್ರತಿವರ್ಷ ನನ್ನ ಪಾಲಿಗೇ ಬರುತ್ತದೆ. ಬಸ್ಸಿನ ಬಾಡಿಗೆ ಹೇಗೆ ಬೀಳುತ್ತದೆ ಎನ್ನುವುದು ಗೊತ್ತಿದ್ದರೆ ಪೋಷಕರಿಗೆ ಉತ್ತರ ಹೇಳುವುದು ಸುಲಭ.

ತುಮಕೂರಿನಿಂದ ಹಳೇಬೀಡು, ಬೇಲೂರು ನೋಡಿ, ಹಾಸನದಲ್ಲಿ ತಂಗಿ, ಮರುದಿನ ಶ್ರವಣಬೆಳಗೊಳ ಮುಗಿಸಿಕೊಂಡು ಬಂದ ಪ್ರವಾಸವನ್ನೇ ತೆಗೆದುಕೊಳ್ಳಿ. 50 ಸೀಟಿನ ಬಸ್ಸು, ಕಿಲೋಮೀಟರಿಗೆ 55 ರೂಪಾಯಿ. ಷೆಡ್ಡಿನಿಂದ ಹೊರಟು ಷೆಡ್ಡಿಗೆ ಮರಳುವ ತನಕ ಸುಮಾರು 400 ಕಿ.ಮೀ. ಆದರೆ ದಿನಕ್ಕೆ ಕನಿಷ್ಠ 300 ಕಿ.ಮೀ. ಎಂಬುದು ಒಪ್ಪಂದದಲ್ಲಿತ್ತು. ಹಾಗಾಗಿ ಎರಡು ದಿನಕ್ಕೆ ತೆತ್ತದ್ದು 600 ಕಿ.ಮೀ.ಗೆ, ಅಂದರೆ 33,000 ರೂಪಾಯಿ. ಓಡದ 200 ಕಿ.ಮೀ.ಗೂ ಹಣ ಕೊಟ್ಟಂತಾಯಿತು. ಊರು ಹತ್ತಿರವಿದ್ದರೆ ಕಿಲೋಮೀಟರ್ ದರದ ಚೌಕಾಸಿಗಿಂತ ಈ ಮಿನಿಮಮ್ ಇಳಿಸುವ ಚೌಕಾಸಿಯೇ ಲಾಭ.

ದಿನವನ್ನು ಎಣಿಸುವ ಬಗೆಯನ್ನೂ ಮೊದಲೇ ಕೇಳಬೇಕು. ಅನೇಕ ಟ್ರಾವೆಲ್ಸ್‌ನವರಿಗೆ ದಿನ ಬದಲಾಗುವುದು ಮಧ್ಯರಾತ್ರಿ 12ಕ್ಕೆ. ರಾತ್ರಿ 10ಕ್ಕೆ ಹೊರಟರೆ ಆ ಎರಡು ಗಂಟೆಯೂ ಒಂದು ದಿನ! ಇನ್ನೊಂದು 300 ಕಿ.ಮೀ., ಇನ್ನೊಂದು ದಿನದ ಬಾಟಾ. ನಾವು ಬೆಳಗಿನ ಜಾವ 4ಕ್ಕೆ ಹೊರಟೆವು.

ಡ್ರೈವರ್ ಮತ್ತು ಕ್ಲೀನರ್ ಬಾಟಾ ಇಬ್ಬರಿಗೂ ಸೇರಿ ದಿನಕ್ಕೆ 1,200, ಒಟ್ಟು 2,400. ಊಟ ಬಾಟಾದಲ್ಲೇ ಬಂತೋ ಬೇರೆಯೋ ಎಂದು ಕೇಳಿ ಬರೆಸಿಕೊಂಡಿದ್ದೆ. ಟೋಲ್ 1,000, ಪಾರ್ಕಿಂಗ್ 400. ಟೋಲ್ ಹಣ ಬಸ್ಸಿನ ಫಾಸ್ಟ್ಯಾಗ್‌ನಿಂದ ಕಡಿತವಾಗುವುದರಿಂದ ನಮ್ಮ ಕೈಗೆ ಚೀಟಿ ಬರುವುದಿಲ್ಲ. ಮಾಲೀಕರ ಮೊಬೈಲಿಗೆ ಬರುವ ಎಸ್ಸೆಮ್ಮೆಸ್ಸುಗಳನ್ನು ಬಿಲ್ಲಿನ ಜೊತೆ ಕಳಿಸಲು ಹೇಳುತ್ತೇನೆ. ಪಾರ್ಕಿಂಗ್ ಚೀಟಿಯನ್ನು ಅಲ್ಲಲ್ಲೇ ಕ್ಲೀನರ್‌ನಿಂದ ಇಸಿದುಕೊಳ್ಳಬೇಕು. ಸಂಜೆ ಕೇಳಿದರೆ ಅದು ಸಿಗುವುದು ಕಷ್ಟ.

ಒಟ್ಟು 36,800. ಇದನ್ನು 50 ಸೀಟಿಗೆ ಹಂಚಿದರೆ ತಲಾ 736. ಆದರೆ ನಾಲ್ವರು ಶಿಕ್ಷಕರು ಹಣ ಕೊಡುವವರಲ್ಲ. 46 ಮಕ್ಕಳಿಗೆ ಹಂಚಿದರೆ ಸರಿಯಾಗಿ 800. ಕೊನೇ ವಾರದಲ್ಲಿ ಜ್ವರ, ಮದುವೆ ಅಂತ ಆರು ಮಕ್ಕಳು ಹಿಂದೆ ಸರಿದರೆ ಉಳಿದ 40 ಮಕ್ಕಳಿಗೆ 920 ಆಗುತ್ತದೆ. ಮಕ್ಕಳು ಕಡಿಮೆಯಾದರೆಂದು ಬಾಡಿಗೆಯಾಗಲಿ ಬಾಟಾ, ಟೋಲ್ ಆಗಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಆದ್ದರಿಂದ ಪೋಷಕರಿಗೆ ಕಳಿಸುವ ಚೀಟಿಯಲ್ಲಿ ಎರಡೂ ಅಂಕಿ ಬರೆಯುತ್ತೇನೆ: 46 ಮಕ್ಕಳು ಬಂದರೆ 800, 40 ಬಂದರೆ 920. ಸಂಗ್ರಹಿಸುವುದು 920. ಎಲ್ಲರೂ ಬಂದರೆ ತಲಾ 120 ವಾಪಸ್. ಬಸ್ ಪಾಲು ಕಟ್ಟಿದ ಮೇಲೆ ಬರದಿದ್ದರೆ ಆ ಹಣ ಮರಳುವುದಿಲ್ಲ ಎಂಬ ಸಾಲೂ ಅದರಲ್ಲೇ ಇರುತ್ತದೆ. ಪ್ರವಾಸ ಮುಗಿದ ಮೇಲೆ ಹಣ ಹಿಂತಿರುಗಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಮತ್ತೆ ಕೇಳಿದರೆ ಮಾತ್ರ ಒಂದೊಂದು ರೂಪಾಯಿಗೂ ಲೆಕ್ಕ ಕೊಡಬೇಕಾಗುತ್ತದೆ.